ಅಕ್ಕೋರಿಗೆ ಬರೆದ ಆ ಸಾಲುಗಳನ್ನು ನಾನು ತೆಗೆಯುವುದಿಲ್ಲ

ಪುಟ್ಟಿ,

ನಿನ್ನೆ ಸಿಟ್ಟು ಮಾಡಿಕೊಂಡು ಫೋನ್ ಇಟ್ಟೆ. "ಮೂರನೇ ಕ್ಲಾಸಿನಲ್ಲಿ ನನಗೆ ಓದೋಕೆ ಬರ್ತಿರಲಿಲ್ಲ ಅಂತ ಊರಿಗೆಲ್ಲ ಸಾರಬೇಕಾ ಅಮ್ಮಾ?" ಅಂದೆ. ಊರಿಗಲ್ಲ, ಅಕ್ಕೋರಿಗೆ ಬರೆದದ್ದು. ಅವರಿಗೆ ಈ ತಿಂಗಳು 60 ತುಂಬುತ್ತದೆ. ಸರ್ಕಾರಿ ಶಾಲೆ ಅಲ್ವಾ, ತಿಂಗಳ ಕೊನೆಗೆ ನಿವೃತ್ತಿ. ಹುಟ್ಟುಹಬ್ಬದ ಶುಭಾಶಯ, ಬೀಳ್ಕೊಡುಗೆ ಎರಡೂ ಒಂದೇ ಕಾಗದದಲ್ಲಿ ಹೋಗಬೇಕು. "ನಿಮ್ಮ ಋಣ ತೀರಿಸಲಾಗದು" ಅಂತ ಬರೆದು ಮುಗಿಸಬಹುದಿತ್ತು. ಆ ಮಾತು ಯಾವ ಟೀಚರಿಗೆ ಬೇಕಾದರೂ ಆಗುತ್ತದೆ. ಇವರು ಏನು ಮಾಡಿದರು ಅಂತ ಬರೆಯಬೇಕಿತ್ತು ನನಗೆ.

ನೀನು ಪಾಠ ಗಡಗಡ ಓದುತ್ತಿದ್ದೆ. ನಾವೂ ಬೀಗುತ್ತಿದ್ದೆವು. ಒಂದು ದಿನ ಅಕ್ಕೋರು ಚಿತ್ರದ ಮೇಲೆ ಕೈ ಮುಚ್ಚಿ, ಪಾಠದ ಕೊನೆಯ ಸಾಲಿನಿಂದ ಮೇಲಕ್ಕೆ ಓದು ಅಂದರಂತೆ. ನೀನು ನಿಂತೇಬಿಟ್ಟೆ. ಪಕ್ಕದವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿದ್ದೆ, ಅಷ್ಟೇ. ನನ್ನನ್ನು ಕರೆಸಿದರು. ಕಣ್ಣು ತೋರಿಸಬೇಕೇನೋ ಅಂದೆ. "ಬೋರ್ಡಿನ ಮೇಲಿದ್ದದ್ದನ್ನು ಸರಿಯಾಗಿ ನೋಡಿ ಬರೀತಾಳೆ, ಕಣ್ಣಿಗೇನೂ ಆಗಿರಲಿಕ್ಕಿಲ್ಲ" ಅಂದರು. ನನ್ನೆದುರೇ ಬಸ್ಸಿನ ಬೋರ್ಡಿನ ಹೆಸರುಗಳನ್ನು ಬರೆದರು. ನೀನು ಸಾಗರ, ಸೊರಬ, ಹೊಸನಗರ ಓದಿದೆ. ಕೊಪ್ಪಕ್ಕೆ 'ಕೊಪ' ಅಂದೆ. ಶಿವಮೊಗ್ಗಕ್ಕೆ 'ಶಿವಮೊಗ'. ತೀರ್ಥಹಳ್ಳಿ ಬರೆದಾಗ ಬಾಯೇ ತೆರೆಯಲಿಲ್ಲ.

ಅಕ್ಷರ ಗೊತ್ತು, ಕಾಗುಣಿತವೂ ಪರವಾಗಿಲ್ಲ, ಒತ್ತು ಬಂದ ಕಡೆ ನಿಂತು ಊಹೆ ಮಾಡುತ್ತಾಳೆ. ಇಷ್ಟು ಅವರು ಹೇಳಿದ್ದು. ದಡ್ಡಿ ಅನ್ನಲಿಲ್ಲ, ಸೋಮಾರಿ ಅನ್ನಲಿಲ್ಲ. ನಾನು ಎಷ್ಟು ಹೆದರಿದ್ದೆ ಅಂದರೆ, ಅವರು ಆ ಎರಡರಲ್ಲಿ ಒಂದು ಅಂದಿದ್ದರೂ ನಂಬಿಬಿಡುತ್ತಿದ್ದೆ. ಈಗಲೂ ರಾತ್ರಿ ನಿದ್ದೆ ಬರದಿದ್ದರೆ ಅದೇ ಯೋಚನೆ. ಆ ವರ್ಷ ಬೇರೆ ಯಾರಾದರೂ ಆ ಕ್ಲಾಸಿಗೆ ಬಂದಿದ್ದರೆ? ಗಡಗಡ ಓದುವ ಹುಡುಗಿ ಅಂತ ನಿನ್ನನ್ನು ಮುಂದಕ್ಕೆ ಕಳಿಸಿದ್ದರೆ?

ಶಾಲೆ ಬಿಟ್ಟ ಮೇಲೆ ಜಗುಲಿಯಲ್ಲಿ ಕೂರಿಸುತ್ತಿದ್ದರು. ಹೊರಗೆ ಜಡಿಮಳೆ, ನಿನ್ನ ಮುಂದೆ ಅಡಿಕೆ ಹಾಳೆಯಲ್ಲಿ ಒಣ ಮರಳು. ಮೊದಲು ಅಕ್ಕ, ಅಜ್ಜ, ಅಣ್ಣ, ಅಪ್ಪ. ಇವುಗಳಲ್ಲಿ ಕೆಳಗಿನ ಒತ್ತು ತನ್ನ ಅಕ್ಷರದ ಹಾಗೇ ಇರುತ್ತದೆ, ತಲೆಕಟ್ಟು ಇದ್ದರೆ ಅದು ಮಾತ್ರ ಹೋಗುತ್ತದೆ. ಮಕ್ಕಳಿಗೆ ಗುರುತು ಸಿಗುತ್ತದೆ. ಆಮೇಲೆ ಚಪ್ಪಾಳೆ: 'ಅಪ್' ಅಂದು ಒಂದು, 'ಪ' ಅಂದು ಇನ್ನೊಂದು. 'ಕೊಪ'ಕ್ಕೂ 'ಕೊಪ್ಪ'ಕ್ಕೂ ನಡುವೆ ಇರುವ ಆ ತಡೆ ಕಿವಿಗೆ ಬೀಳುವವರೆಗೂ ಮುಂದೆ ಹೋಗಲಿಲ್ಲ.

ಕಷ್ಟ ಆಗಿದ್ದು ತ, ನ, ಮ, ಯ, ರ, ಲ. ಇವುಗಳ ಒತ್ತಿಗೂ ಅಕ್ಷರಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. ಅತ್ತೆ, ಅನ್ನ, ಅಮ್ಮ, ಅಯ್ಯೋ, ಬೆಲ್ಲ ಅಂತ ಮನೆಮಾತಿನಿಂದಲೇ ಒಂದೊಂದಾಗಿ ತಂದರು. ಒಂದನ್ನು ಹೊಸ ಪದದಲ್ಲಿ ಗುರುತಿಸಿದ ಮೇಲೇ ಇನ್ನೊಂದು. ಕಲಿಸಿದ ಪದದಲ್ಲೇ ಕೇಳಿದರೆ ಮತ್ತೆ ಬಾಯಿಪಾಠ ಆಗುತ್ತದೆ ಅನ್ನುವುದು ಅವರ ಲೆಕ್ಕ. 'ಅಮ್ಮ' ಬಂತಾ, ಹಾಗಾದರೆ 'ತಿಮ್ಮ' ಓದು.

ಕೊನೆಗೆ ಅರ್ಕಾವೊತ್ತು. ಕಾಣುವುದು ಆಮೇಲೆ, ಹೇಳುವುದು ಮೊದಲು. 'ತೀರ್ಥ' ಅನ್ನುವುದನ್ನು ನೀನು 'ತೀಥರ' ಅನ್ನುತ್ತಿದ್ದೆ. ಅದೂ ನ್ಯಾಯವೇ, ಕಣ್ಣಿಗೆ ಕಂಡದ್ದು ಹಾಗೇ ಅಲ್ವಾ! ಅವರು ಆ ಒಂದು ಗುರುತನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಬರೆದು, ಓದುವ ಮೊದಲು ಕೆಂಪು ಎಲ್ಲಿದೆ ಅಂತ ಹುಡುಕಿಸುತ್ತಿದ್ದರು. ಆಮೇಲೆ ಕೆಂಪು ಬಿಟ್ಟು ಬಿಳಿಯಲ್ಲೇ ಬರೆದರು. ದೀಪಾವಳಿಗೆ ಅಜ್ಜನ ಮನೆಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ನೀನೇ ನನ್ನ ಕೈ ಎಳೆದೆ.

ಮಹಾಪ್ರಾಣದ ತೊಂದರೆ ಮಾತ್ರ ಅವರ ಕೈಲೂ ಪೂರ್ತಿ ಹೋಗಲಿಲ್ಲ. ವಕೀಲಿಕೆ ಮಾಡುವ ನೀನು ಇವತ್ತಿಗೂ ನನಗೆ 'ದನ್ಯವಾದ' ಅಂತ ಕಳಿಸುತ್ತೀಯ.

ನೀನು ಕೋರ್ಟಿನ ಕಾಗದ ಓದಿ ಅರ್ಥ ಹೇಳುವಾಗ ನನಗೆ ಎಷ್ಟು ಹೆಮ್ಮೆ ಅಂತ ನಿನಗೆ ಗೊತ್ತು. ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ಆದರೆ ಕಷ್ಟಪಟ್ಟು ಕಲಿತದ್ದಕ್ಕೆ ನಾಚಿಕೊಳ್ಳಬಾರದು ಕಣೇ, ಅದರಲ್ಲೂ ಕಲಿಸಿದವರ ಮುಂದೆ. ನೋಡು, ಮತ್ತೆ ಭಾಷಣ ಶುರು ಮಾಡಿದೆ.

ಕಾಗದ ಸೋಮವಾರ ಅಂಚೆಗೆ ಹಾಕುತ್ತೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ನಿನ್ನದೂ ಎರಡು ಸಾಲು ಫೋಟೋ ತೆಗೆದು ಕಳಿಸು, ಅಂಟಿಸುತ್ತೇನೆ. ವಾಟ್ಸಾಪಿನ ಗುಲಾಬಿ ಹೂವು ಬೇಡ, ಕೈಯಲ್ಲಿ ಬರೆ. ಧನ್ಯವಾದಕ್ಕೆ 'ಧ' ಹಾಕು, ಇಲ್ಲದಿದ್ದರೆ ಅಕ್ಕೋರು ತಿದ್ದಿ ವಾಪಸ್ ಕಳಿಸುತ್ತಾರೆ.

ಅಮ್ಮ