ಎಲ್‌ಸಿ ಇದ್ದೂ ಹಣ ಸಿಕ್ಕಿಬಿದ್ದದ್ದು ಹೇಗೆ?

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಯ ಕೆಲವು ಬೆಳೆಗಾರರು ಈಗ ಕಾಫಿಯನ್ನು ತಾವೇ ಹೊರದೇಶಕ್ಕೆ ಕಳಿಸಲು ಹೊರಟಿದ್ದಾರೆ. 'ಎಲ್‌ಸಿ ಇದೆ, ದುಡ್ಡು ಗ್ಯಾರಂಟಿ' ಎಂಬ ಮಾತು ಸಂತೆಯಲ್ಲೂ ಕೇಳುತ್ತಿದೆ. ನಾನೂ ಹಾಗೇ ನಂಬಿದ್ದೆ.

ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ಕೊಳ್ಳುವವರ ಬ್ಯಾಂಕ್ ಕೊಡುವ ಮಾತು. ಕೇಳಿದ ಕಾಗದಪತ್ರಗಳನ್ನು ಕೇಳಿದಂತೆಯೇ ಕೊಟ್ಟರೆ ಹಣ ಕೊಡುತ್ತೇವೆ ಎನ್ನುವುದು ಅಷ್ಟೇ. ಬ್ಯಾಂಕ್ ಕಾಫಿಯ ಮೂಟೆ ಬಿಚ್ಚಿ ನೋಡುವುದಿಲ್ಲ, ಕಾಗದ ನೋಡುತ್ತದೆ. ಇದು ಯುಸಿಪಿ 600 ಎಂಬ ಅಂತಾರಾಷ್ಟ್ರೀಯ ನಿಯಮ.

ನನ್ನದು ಒಂದು ಕಂಟೇನರ್ ರೋಬಸ್ಟಾ. 60 ಕಿಲೋದ 320 ಚೀಲ, ಅಂದರೆ 19.2 ಟನ್. ಮಾರ್ಚ್ 31ರೊಳಗೆ ಹಡಗಿಗೆ ಏರಿಸಬೇಕು ಎಂದು ಎಲ್‌ಸಿಯಲ್ಲಿತ್ತು. ಕುಶಾಲನಗರದಿಂದ ಲಾರಿ 26ಕ್ಕೇ ಹೊರಟು, ಮರುದಿನ ಮಂಗಳೂರು ಬಂದರು ಸೇರಿತು. ಆದರೆ ಹಡಗು ತಡವಾಯಿತು. ಕೊಳ್ಳುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದೆ. 'ಪರವಾಗಿಲ್ಲ, ಕಳಿಸಿ' ಎಂದರು. ನಾನು ನಿಶ್ಚಿಂತೆಯಿಂದ ಕಳಿಸಿದೆ.

ಹಡಗು ಕಂಪನಿ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಸರಕು ಹಡಗೇರಿದ ದಿನ ಏಪ್ರಿಲ್ 2 ಎಂದು ಬಂತು. ಬಂದರು ಸೇರಿದ ದಿನಕ್ಕೆ ಬೆಲೆಯಿಲ್ಲ, ಹಡಗಿಗೆ ಏರಿದ ದಿನವೇ ಲೆಕ್ಕ. ಕಾಗದ ಸರಿಯಿದೆಯೇ ಎಂದು ನೋಡಲು ಬ್ಯಾಂಕಿಗೆ 5 ಕೆಲಸದ ದಿನಗಳಿರುತ್ತವೆ. ಅದರೊಳಗೆ 'ತಡವಾದ ರವಾನೆ' ಎಂದು ತಿರಸ್ಕಾರದ ನೋಟಿಸ್ ಬಂತು. ವಾಟ್ಸ್‌ಆ್ಯಪ್ ಮಾತು ಬ್ಯಾಂಕಿಗೆ ಲೆಕ್ಕವೇ ಅಲ್ಲ. ಅಷ್ಟರಲ್ಲಿ ಮಾರುಕಟ್ಟೆ ಇಳಿದಿತ್ತು. ಪರವಾಗಿಲ್ಲ ಎಂದಿದ್ದವರೇ ಬೆಲೆ ಇಳಿಸಿ ಎಂದರು. ಸರಕು ಸಮುದ್ರದಲ್ಲಿರುವಾಗ ಬೇರೆ ದಾರಿ ಏನಿದೆ? ಒಪ್ಪಿದೆ. ಅವರು ತಪ್ಪನ್ನು ಮನ್ನಿಸುತ್ತೇವೆ ಎಂದು ಬ್ಯಾಂಕಿಗೆ ಹೇಳಿದ ಮೇಲೆ ಹಣ ಬಂತು, ಕಾಗದದ ದೋಷಕ್ಕೆಂದು ಬ್ಯಾಂಕ್ ಹಾಕಿದ ಶುಲ್ಕವನ್ನೂ ಕಳೆದು.

ಹಡಗು ತಡ ಎಂದು ಗೊತ್ತಾದ ದಿನವೇ ಎಲ್‌ಸಿಯ ತಿದ್ದುಪಡಿ ಕೇಳಬೇಕಿತ್ತು. ಅದು ಕೊಳ್ಳುವವರ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ಬರುವವರೆಗೆ ಕಂಟೇನರನ್ನು ಹತ್ತಿಸಲೇಬಾರದಿತ್ತು. ಆ ಬ್ಯಾಂಕಿನ ಹೆಸರೇ ಕೇಳಿಲ್ಲ ಎಂದಾದರೆ, ಶುಲ್ಕ ಕೊಟ್ಟು ಇಲ್ಲಿಯ ಬ್ಯಾಂಕಿನಿಂದ ಎಲ್‌ಸಿಗೆ ಕನ್ಫರ್ಮೇಷನ್ ಪಡೆಯಬಹುದು. ಆಗ ಹಣದ ಹೊಣೆ ಇಲ್ಲಿಯ ಬ್ಯಾಂಕಿನದೂ ಆಗುತ್ತದೆ.

ದೇಶದೊಳಗೆ ಕರಿಮೆಣಸು ಸಾಲದ ಮೇಲೆ ಮಾರುವವರಿಗೆ ಬ್ಯಾಂಕ್ ಗ್ಯಾರಂಟಿ ಹೆಚ್ಚು ಸೂಕ್ತ. ಎಲ್‌ಸಿಯಲ್ಲಿ ಬ್ಯಾಂಕೇ ಹಣ ಕೊಡುವುದು ಮಾಮೂಲು. ಗ್ಯಾರಂಟಿಯಲ್ಲಿ ಕೊಳ್ಳುವವರು ಕೈಕೊಟ್ಟರೆ ಮಾತ್ರ. ನನ್ನ ಪಕ್ಕದ ತೋಟದವರ ಗ್ಯಾರಂಟಿ ಜೂನ್ 30ಕ್ಕೆ ಮುಗಿಯುವುದಿತ್ತು. ವ್ಯಾಪಾರಿ 'ಮುಂದಿನ ವಾರ ಕೊಡ್ತೀನಿ' ಅಂತ ಎಳೆದರು. ಇವರು ಬ್ಯಾಂಕಿಗೆ ಹೋದದ್ದು ಜುಲೈ 5ಕ್ಕೆ. ಕ್ಲೇಮಿಗೆ ಕೊಟ್ಟಿದ್ದ ಅವಧಿಯೂ ಅಷ್ಟರಲ್ಲಿ ದಾಟಿತ್ತು. ಅಲ್ಲಿಗೆ ಮುಗಿಯಿತು. ಇನ್ನೊಂದು: ದಲ್ಲಾಳಿ ತಂದುಕೊಟ್ಟ ಕಾಗದವನ್ನೇ ನಂಬಬೇಡಿ. ಗ್ಯಾರಂಟಿ ಅಸಲಿಯೇ ಎಂದು ನಿಮ್ಮ ಬ್ಯಾಂಕ್ ಮೂಲಕವೇ ಖಚಿತ ಮಾಡಿಕೊಳ್ಳಿ.

– ಒಬ್ಬ ಕಾಫಿ ಬೆಳೆಗಾರ, ಕುಶಾಲನಗರ