ಪ್ರಸಂಗದ ಕೊನೆಗೆ ಒಂದೇ ಕೆಲಸ

ಪ್ರಸಂಗ ಮಾಡುವ ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಕಳೆದ ಭಾನುವಾರ ಲೂಕ 10ರ ಒಳ್ಳೆಯ ಸಮಾರ್ಯದವನ ಬಗ್ಗೆ ಮಾತಾಡಿದೆ. ಕೊನೆಗೆ, ನೆರೆಯವರನ್ನು ಪ್ರೀತಿಸಿ, ರೋಗಿಗಳನ್ನು ನೋಡಿಬನ್ನಿ, ದಾನ ಮಾಡಿ ಎಂದು ಮೂರು ಹೇಳಿದೆ. ಆರಾಧನೆ ಮುಗಿದು ಕಾಫಿ ಕುಡಿಯುವಾಗ ನಾಲ್ಕು ಜನರನ್ನು ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ತಪ್ಪು ನನ್ನದೇ.

ಈಗ ಅದನ್ನೇ ಹೀಗೆ ತಿದ್ದಿದ್ದೇನೆ: "ಬುಧವಾರದೊಳಗೆ ನಿಮ್ಮ ಬಿಲ್ಡಿಂಗಿನ ವಾಚ್‌ಮನ್ ಅಥವಾ ಪಕ್ಕದ ಮನೆಯವರ ಹೆಸರು ಕೇಳಿ, ಐದು ನಿಮಿಷ ನಿಂತು ಮಾತಾಡಿಸಿ." ಯಾರನ್ನು, ಯಾವಾಗ, ಏನು ಎಂಬುದೆಲ್ಲ ಇದರಲ್ಲಿದೆ. ದುಡ್ಡು ಬೇಡ. ಇದು ಸುಮ್ನೆ ಅಂಟಿಸಿದ್ದೂ ಅಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ದಾಟಿ ಹೋದರು, ಸಮಾರ್ಯದವನು ನಿಂತ. ಆ ನಿಲ್ಲುವುದನ್ನೇ ನಾವು ಕೇಳುತ್ತಿದ್ದೇವೆ, ಅಲ್ವಾ?

ಮನೆಯಿಂದ ಹೊರಗೆ ಬರಲಾಗದ ಅಜ್ಜಿಗೆ ಇದು ಆಗುತ್ತದೆಯೇ ಎಂದು ಮೊದಲೇ ಯೋಚಿಸಿ. ಅವರಿಗೆ ಒಂದು ಫೋನ್ ಕರೆ ಸಾಕು.

ಆ ವಾಕ್ಯವನ್ನು ಕೊನೆಯ ಪ್ರಾರ್ಥನೆಗೆ ಮುಂಚೆ ಎರಡು ಸಲ ಹೇಳಿ. ಆಮೇಲೆ ಹೊಸ ಉದಾಹರಣೆ ಬೇಡ. ಪ್ರಕಟಣೆಗಳು ಜಾಸ್ತಿ ಇದ್ದರೆ ಪ್ರಸಂಗಕ್ಕೆ ಮೊದಲೇ ಮುಗಿಸಿ, ಇಲ್ಲದಿದ್ದರೆ ಅವೇ ನೆನಪಲ್ಲಿ ಉಳಿಯುತ್ತವೆ.

ಈ ವಾರದ ಸರದಿಯವರು ಶುಕ್ರವಾರ ಸಂಜೆಯೊಳಗೆ ನಿಮ್ಮ ಒಂದು ವಾಕ್ಯವನ್ನು ಇಲ್ಲಿ ಹಾಕಿ.