ಟ್ರಂಕಿನಿಂದ ಹೊರಟ ಹತ್ತು ಸಾವಿರ

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಕಳಿಸಿದ ನೋಟ್ಸಿನ ಫೋಟೊ ನೋಡಿದೆ. ಠೇವಣಿ ಸೃಷ್ಟಿಯ ಟೇಬಲ್ಲಿನಲ್ಲಿ ಸಾಲದ ಕಾಲಂ ಸರಿಯಾಗಿದ್ದರೂ ಪ್ರತಿ ಬ್ಯಾಂಕಿನ ಎದುರಿಗೂ ಮೀಸಲು 2,000 ಎಂದೇ ಬರೆದಿದ್ದೀಯ. ಆಮೇಲೆ ಕೂಡಿದ್ದು ಸರಿಹೋಗಲಿಲ್ಲ ಅಂತ ಬೇಜಾರಾಗಿದ್ದೀಯ. ಸೂತ್ರ ಬಾಯಿಪಾಠ ಮಾಡಿ ಉತ್ತರ ಬರೆಯಬಹುದು, ಆದರೆ ಹಾಗೆ ಮಾಡಬೇಡ. ದುಡ್ಡಿನ ಹಿಂದೆ ಒಂದು ಸಲ ನಡೆದು ನೋಡು, ಟೇಬಲ್ ತಾನಾಗಿಯೇ ಬರುತ್ತದೆ.

ನಿನ್ನ ಅಜ್ಜಿಯಿಂದಲೇ ಶುರು ಮಾಡೋಣ. ಅಜ್ಜಿ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ 10,000 ರೂಪಾಯಿ ಇಟ್ಟಿದ್ದರು ಅಂದುಕೋ. ಇಂಥ ನೋಟುಗಳು ನಮ್ಮ ಬ್ಯಾಂಕಿನ ಕೌಂಟರಿಗೆ ಬಂದಾಗ ನನಗೆ ಕೂಡಲೇ ಗೊತ್ತಾಗುತ್ತಿತ್ತು. ನುಸಿಗುಳಿಗೆಯ ವಾಸನೆ, ಮಧ್ಯದಲ್ಲಿ ಗಟ್ಟಿಯಾಗಿ ಕೂತ ಮಡಿಕೆ. ಈ ಹಣ ಅಲ್ಲಿಯವರೆಗೆ ಯಾವ ಬ್ಯಾಂಕಿನ ಲೆಕ್ಕದಲ್ಲೂ ಇರಲಿಲ್ಲ. ಅದಕ್ಕೇ ಇದು ಹೊಸ ಠೇವಣಿ. ಅಜ್ಜಿ ಬೇರೆ ಬ್ಯಾಂಕಿನ ಚೆಕ್ ತಂದು ಹಾಕಿದ್ದರೆ ಒಂದು ಬ್ಯಾಂಕಿಗೆ 10,000 ಬಂದು ಇನ್ನೊಂದರಿಂದ ಅಷ್ಟೇ ಹೋಗುತ್ತಿತ್ತು. ಎರಡನ್ನೂ ಸೇರಿಸಿ ನೋಡಿದರೆ ಹೊಸದೇನೂ ಇಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ತಿರುಗಿಸಿ ಕೇಳುತ್ತಾರೆ, ನೆನಪಿಟ್ಟುಕೋ.

ಮೀಸಲು ಅಂದರೆ ಬಂದ ಠೇವಣಿಯಲ್ಲಿ ಬ್ಯಾಂಕು ಸಾಲ ಕೊಡದೆ ಎತ್ತಿಡಲೇಬೇಕಾದ ಭಾಗ, ಅದು ಶೇ 20 ಅಂತ ಇಟ್ಟುಕೊಳ್ಳೋಣ. ಮೊದಲ ಬ್ಯಾಂಕು 2,000 ಎತ್ತಿಟ್ಟು 8,000 ಸಾಲ ಕೊಡುತ್ತದೆ. ಸಾಲ ಪಡೆದವಳು ಹೊಲಿಗೆ ಯಂತ್ರ ಕೊಳ್ಳುತ್ತಾಳೆ. ಅಂಗಡಿಯವರು ಆ 8,000 ಅನ್ನು ತಮ್ಮ ಬ್ಯಾಂಕಿಗೆ, ಅಂದರೆ ಎರಡನೆಯ ಬ್ಯಾಂಕಿಗೆ ಕಟ್ಟುತ್ತಾರೆ. ಆ ಬ್ಯಾಂಕಿಗೆ ಅಜ್ಜಿಯ 10,000 ಗೊತ್ತೇ ಇಲ್ಲ. ಅದರ ಕೈಗೆ ಬಂದದ್ದು 8,000, ಎತ್ತಿಡಬೇಕಾದದ್ದು ಅದರ ಶೇ 20, ಅಂದರೆ 1,600. ನೀನು ತಪ್ಪಿದ್ದು ಇಲ್ಲೇ. ಉಳಿದ 6,400 ಸಾಲವಾಗಿ ಒಬ್ಬ ಹಾಲಿನವನಿಗೆ ಹೋಗುತ್ತದೆ. ಅವನು ಸೈಕಲ್ ಕೊಳ್ಳುತ್ತಾನೆ, ಸೈಕಲ್ ಅಂಗಡಿಯ ಖಾತೆ ಮೂರನೆಯ ಬ್ಯಾಂಕಿನಲ್ಲಿದೆ. ಹೀಗೇ ಮುಂದೆ.

| ಬ್ಯಾಂಕು | ಬಂದ ಠೇವಣಿ | ಮೀಸಲು | ಕೊಟ್ಟ ಸಾಲ |
|---|---|---|---|
| 1 | 10,000 | 2,000 | 8,000 |
| 2 | 8,000 | 1,600 | 6,400 |
| 3 | 6,400 | 1,280 | 5,120 |
| 4 | 5,120 | 1,024 | 4,096 |
| 5 | 4,096 | 819.20 | 3,276.80 |
| ಐದರ ಮೊತ್ತ | 33,616 | 6,723.20 | 26,892.80 |
| ಕೊನೆತನಕ ಹೋದರೆ | 50,000 | 10,000 | 40,000 |

ಈಗ ಮೀಸಲಿನ ಕಾಲಂ ಮೇಲೆ ಬೆರಳಿಡು. ಐದು ಬ್ಯಾಂಕುಗಳ ಮೀಸಲು ಕೂಡಿದರೆ 6,723.20. ಐದನೆಯ ಬ್ಯಾಂಕು ಕೊಟ್ಟ ಸಾಲ 3,276.80. ಎರಡನ್ನೂ ಕೂಡು. ಸರಿಯಾಗಿ 10,000! ಎಷ್ಟನೆಯ ಬ್ಯಾಂಕಿನ ಹತ್ತಿರ ನಿಲ್ಲಿಸಿದರೂ ಅಲ್ಲಿಯವರೆಗಿನ ಮೀಸಲು ಮತ್ತು ಕೊನೆಯ ಸಾಲ ಸೇರಿ ಅಜ್ಜಿಯ 10,000 ಬರಲೇಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ನಿನ್ನ ಟೇಬಲ್ಲನ್ನು ಹೀಗೆ ನೋಡಿದ್ದರೆ ಎರಡನೆಯ ಬ್ಯಾಂಕಿನಲ್ಲೇ ಸಿಕ್ಕಿಬೀಳುತ್ತಿತ್ತು.

ಯಾಕೆ ಹಾಗೆ ಅಂದರೆ, ನೋಟುಗಳು ಒಂದೂ ಹೆಚ್ಚಾಗಿಲ್ಲ. ಅಜ್ಜಿಯ ಅವೇ ನೋಟುಗಳು ಊರೆಲ್ಲ ಓಡಾಡಿ, ಪ್ರತಿ ಬ್ಯಾಂಕಿನಲ್ಲೂ ಒಂದಿಷ್ಟು ಕೂತುಬಿಟ್ಟಿವೆ ಅಷ್ಟೆ. ಕೊನೆಗೆ ಎಲ್ಲವೂ ಮೀಸಲಾಗಿ ಕೂತಾಗ ಓಡಾಟ ನಿಲ್ಲುತ್ತದೆ. ಹೆಚ್ಚಾದದ್ದು ಪಾಸ್‌ಬುಕ್ಕುಗಳಲ್ಲಿ ಬರೆದ ಮೊತ್ತ. ಅಜ್ಜಿಯ ಪಾಸ್‌ಬುಕ್ಕಿನಲ್ಲಿ 10,000 ಹಾಗೇ ಇದೆ, ಹೊಲಿಗೆ ಯಂತ್ರದ ಅಂಗಡಿಯವರದರಲ್ಲಿ 8,000, ಸೈಕಲ್ ಅಂಗಡಿಯವರದರಲ್ಲಿ 6,400. ಎಲ್ಲರಿಗೂ ಅದು ತಮ್ಮ ಹಣವೇ. 10,000 ಪೂರ್ತಿ ಮೀಸಲಾಗಿ ಕೂರಬೇಕು, ಅದು ಒಟ್ಟು ಠೇವಣಿಯ ಶೇ 20 ಆಗಿರಬೇಕು ಅಂದರೆ ಒಟ್ಟು 50,000 ಆಗಲೇಬೇಕು ಅಲ್ವಾ? ನಿನ್ನ ಸೂತ್ರ ಹೇಳುವುದೂ ಇಷ್ಟೇ: ಮೊದಲ ಠೇವಣಿಯನ್ನು ಮೀಸಲಿನ ಪ್ರಮಾಣದಿಂದ ಭಾಗಿಸು, ಅಂದರೆ 10,000 ÷ 0.20. ಇದರಲ್ಲಿ ಅಜ್ಜಿ ಕಟ್ಟಿದ 10,000 ಪ್ರಾಥಮಿಕ ಠೇವಣಿ. ಬ್ಯಾಂಕುಗಳು ಸೃಷ್ಟಿಸಿದ್ದು ಉಳಿದ 40,000 ಮಾತ್ರ. ಅದು ಸಾಲದ ಕಾಲಂನ ಮೊತ್ತಕ್ಕೆ ಸಮ.

ಮೊದಲ ಬ್ಯಾಂಕೇ ಒಟ್ಟಿಗೆ 40,000 ಸಾಲ ಕೊಟ್ಟುಬಿಡಬಾರದಾ ಅಂತ ನೀನು ಕೇಳಿದ್ದೀಯ. ಒಳ್ಳೆಯ ಪ್ರಶ್ನೆ. ಸಾಲ ಮಂಜೂರಾದಾಗ ನಾವು ನೋಟು ಎಣಿಸಿ ಕೊಡುವುದು ಕಡಿಮೆ, ಖಾತೆಗೆ ಜಮಾ ಮಾಡುತ್ತೇವೆ. ಹಾಗಾಗಿ ಬರೆಯುವುದಕ್ಕೇನೋ ಬರೆಯಬಹುದು. ಆದರೆ ಸಾಲಗಾರ ಆ 40,000ಕ್ಕೆ ಚೆಕ್ ಕೊಟ್ಟು, ಅದು ಇನ್ನೊಂದು ಬ್ಯಾಂಕಿನಿಂದ ಕ್ಲಿಯರಿಂಗ್‌ಗೆ ಬಂದಾಗ ನಿಜವಾದ ಹಣ ಕೊಡಬೇಕು. ಕೈಯಲ್ಲಿರುವುದು ಬರೀ 10,000. ಕೊಟ್ಟ ಸಾಲ ಬೇರೆ ಬ್ಯಾಂಕಿಗೆ ಹೊರಟುಹೋಗುತ್ತದೆ ಅಂತಲೇ ಲೆಕ್ಕ ಹಾಕಬೇಕು. ಆದ್ದರಿಂದ ಒಂದು ಬ್ಯಾಂಕು ಕೊಡಬಹುದಾದದ್ದು ಮೀಸಲು ಕಳೆದು ಉಳಿದಷ್ಟೇ. ಐದು ಪಟ್ಟಾಗುವುದು ಬ್ಯಾಂಕುಗಳ ಸರಪಳಿಯಿಂದ.

ಈ 50,000 ಆಗಬಹುದಾದ ಗರಿಷ್ಠ ಮಾತ್ರ. ನಿಜವಾದ ಊರಿನಲ್ಲಿ ಸರಪಳಿ ಸೋರುತ್ತದೆ. ಸೈಕಲ್ ಅಂಗಡಿಯವರು ಬಂದದ್ದನ್ನೆಲ್ಲ ಬ್ಯಾಂಕಿಗೆ ಕಟ್ಟುತ್ತಾರಾ? ಗಲ್ಲಾಪೆಟ್ಟಿಗೆಯಲ್ಲಿ ಒಂದಿಷ್ಟು ಇಟ್ಟುಕೊಳ್ಳುತ್ತಾರೆ. ಪ್ರತಿ ಸಾಲದಲ್ಲೂ ಕಾಲು ಭಾಗ ಹೀಗೆ ಜನರ ಕೈಯಲ್ಲೇ ಉಳಿಯಿತು ಅಂತಿಟ್ಟುಕೋ. 8,000ದಲ್ಲಿ 2,000 ಗಲ್ಲಾಪೆಟ್ಟಿಗೆಗೆ, 6,000 ಎರಡನೆಯ ಬ್ಯಾಂಕಿಗೆ. ಅದು 4,800 ಸಾಲ ಕೊಡುತ್ತದೆ, ಅದರಲ್ಲಿ 3,600 ಮಾತ್ರ ಮೂರನೆಯ ಬ್ಯಾಂಕು ತಲುಪುತ್ತದೆ. ಕೊನೆತನಕ ಕೂಡಿದರೆ ಒಟ್ಟು ಠೇವಣಿ 25,000. ಸರಿಯಾಗಿ ಅರ್ಧ! ಆಗ ಮೀಸಲು 5,000, ಜನರ ಕೈಯಲ್ಲಿ 5,000. ಇಲ್ಲೂ ಸೇರಿದರೆ ಅಜ್ಜಿಯ 10,000ವೇ ನೋಡು.

ಶೇ 20 ಅನ್ನುವುದು ಲೆಕ್ಕದ ಸುಲಭಕ್ಕೆ ಇಟ್ಟದ್ದು. ಬ್ಯಾಂಕುಗಳು ತನ್ನ ಬಳಿ ಇಡಲೇಬೇಕಾದ ಮೀಸಲಿನ ಪ್ರಮಾಣವನ್ನು, ಅಂದರೆ ಸಿಆರ್‌ಆರ್ ಅನ್ನು, ರಿಸರ್ವ್ ಬ್ಯಾಂಕು 2025ರಲ್ಲಿ ಹಂತಹಂತವಾಗಿ ಇಳಿಸಿ ನವೆಂಬರ್ 29ರಿಂದ ಶೇ 3 ಮಾಡಿತು. ಸೂತ್ರದ ಪ್ರಕಾರ ಅಜ್ಜಿಯ ಹಣ 33 ಪಟ್ಟಾಗಬೇಕು. ಆಗುವುದಿಲ್ಲ. ಜನ ನಗದು ಇಟ್ಟುಕೊಳ್ಳುತ್ತಾರೆ. ಬ್ಯಾಂಕು ಎಷ್ಟು ಸಾಲ ಕೊಡಬಹುದು ಅನ್ನುವುದಕ್ಕೆ ಅದರ ಸ್ವಂತ ಬಂಡವಾಳದ ಮಿತಿಯೂ ಇರುತ್ತದೆ. ಸಾಲ ಕೇಳಲು, ತೀರಿಸಲು ಆಗುವ ಗಿರಾಕಿಯೂ ಬೇಕಲ್ಲ.

ಸರಪಳಿ ಮೊದಲ ಬ್ಯಾಂಕಿನಲ್ಲೇ ನಿಂತದ್ದನ್ನೂ ನಾನು ನೋಡಿದ್ದೇನೆ. 2016ರ ನವೆಂಬರಿನಲ್ಲಿ 500, 1000ದ ನೋಟು ರದ್ದಾದಾಗ ಕೌಂಟರಿನ ಮುಂದೆ ಬೀದಿಯವರೆಗೆ ಸಾಲು. ಟ್ರಂಕಿನ ಹಣ, ಡಬ್ಬಿಯ ಹಣ ಎಲ್ಲ ಒಟ್ಟಿಗೆ ಬಂತು. ಇಷ್ಟು ಠೇವಣಿ ಬಂತಲ್ಲ, ಇನ್ನು ಸಾಲ ಹೇರಳ ಅಂದುಕೊಂಡಿದ್ದೆ. ಆದರೆ ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಾದ ಠೇವಣಿಯನ್ನು ಪೂರ್ತಿ ಮೀಸಲಿಡಿ ಎಂದು ರಿಸರ್ವ್ ಬ್ಯಾಂಕು ಹೇಳಿತು. ಅಂದರೆ ಶೇ 100. ನಿನ್ನ ಟೇಬಲ್ಲಿಗೆ ಹಾಕಿ ನೋಡು: ಠೇವಣಿ 10,000, ಮೀಸಲು 10,000, ಸಾಲ ಸೊನ್ನೆ. ಎರಡನೆಯ ಬ್ಯಾಂಕಿಗೆ ಹೋಗಲು ಏನೂ ಇಲ್ಲ. ಡಿಸೆಂಬರ್ 10ರಿಂದ ಆ ಆದೇಶ ತೆಗೆದರು.

ಸಂಕ್ರಾಂತಿಗೆ ಬರುವಾಗ ಮೀಸಲು ಶೇ 12.5 ಇಟ್ಟುಕೊಂಡು, ಅದೇ 10,000ಕ್ಕೆ ಐದು ಬ್ಯಾಂಕುಗಳ ಟೇಬಲ್ ಬರೆದು ತಾ. ಕ್ಯಾಲ್ಕುಲೇಟರ್ ಬಳಸು, ಪರವಾಗಿಲ್ಲ. ನಾನು ಮೀಸಲಿನ ಕಾಲಂ ಕೂಡುತ್ತೇನೆ, ನೀನು ಐದನೆಯ ಬ್ಯಾಂಕಿನ ಸಾಲ ಓದು.

ಇಂತಿ,
ನಿನ್ನ ದೊಡ್ಡಪ್ಪ